ಒಂದು ಅಪಘಾತ, ಎರಡು ನ್ಯಾಯಪೀಠ

ಕ್ರಿಮಿನಲ್ ಪ್ರಕರಣಕ್ಕೂ ಸಿವಿಲ್ ಪ್ರಕರಣಕ್ಕೂ ಇರುವ ವ್ಯತ್ಯಾಸವನ್ನು ವ್ಯಾಖ್ಯೆಗಳ ಮೂಲಕ ಹೇಳಿ ಮುಗಿಸಬಹುದು. ಆದರೆ ಅದು ನಿಜಕ್ಕೂ ಮನಸ್ಸಿಗೆ ಹತ್ತುವುದು ಒಂದೇ ಘಟನೆ ಎರಡೂ ಕಡೆ ನಡೆಯುವುದನ್ನು ನೋಡಿದಾಗ. ಆದ್ದರಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸಂಜೆ ಹೊತ್ತು, ರಾಜ್ಯ ಹೆದ್ದಾರಿ. ಸ್ವಂತ ಅಂಗಡಿ ಇಟ್ಟುಕೊಂಡಿದ್ದ 34 ವರ್ಷದ ಟೈಲರ್ ಒಬ್ಬರು ಬೈಕಿನಲ್ಲಿ ಊರಿಗೆ ಮರಳುತ್ತಿದ್ದಾರೆ. ಎದುರಿನಿಂದ ಬಂದ ಲಾರಿ ಮುಂದಿನ ವಾಹನವನ್ನು ಹಿಂದಿಕ್ಕಲು ಹೋಗಿ ಅವರಿಗೆ ಡಿಕ್ಕಿ ಹೊಡೆಯುತ್ತದೆ. ಅವರು ಸ್ಥಳದಲ್ಲೇ ಸಾಯುತ್ತಾರೆ. ಅದೇ ರಾತ್ರಿ ಪೊಲೀಸರು ಲಾರಿ ಚಾಲಕನ ಮೇಲೆ ಪ್ರಕರಣ ದಾಖಲಿಸುತ್ತಾರೆ. ಅದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗುತ್ತದೆ. ಕೆಲವು ತಿಂಗಳಲ್ಲಿ ಮೃತರ ಹೆಂಡತಿ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಒಂದೇ ಸಾವಿಗೆ ಎರಡು ಕೇಸು ಏಕೆ, ಒಂದರಲ್ಲಿ ಸೋತರೆ ಇನ್ನೊಂದೂ ಹೋದಂತೆಯೇ ಅಲ್ಲವೇ ಎಂದು ಮನೆಯವರು ಕೇಳುತ್ತಾರೆ. ಅಲ್ಲ ಎಂಬುದು ನನ್ನ ವಾದ. ಈ ಎರಡು ಪ್ರಕರಣಗಳು ಕೇಳುವ ಪ್ರಶ್ನೆ ಬೇರೆ, ಕೇಳುವವರು ಬೇರೆ, ಉತ್ತರಕ್ಕೆ ಬೇಕಾದ ಸಾಕ್ಷ್ಯದ ತೂಕವೂ ಬೇರೆ.

ಮೊದಲು ಕ್ರಿಮಿನಲ್ ಪ್ರಕರಣವನ್ನು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆಯನ್ನು, ಕಲಂ 106(1) ನಿರ್ಲಕ್ಷ್ಯದಿಂದ ಸಾವು ಉಂಟುಮಾಡುವುದನ್ನು ಅಪರಾಧವೆನ್ನುತ್ತವೆ. ಹಳೆಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಈಗ ಐದು ವರ್ಷ. ಇಲ್ಲಿ ದಾವೆದಾರ ಮೃತರ ಕುಟುಂಬವಲ್ಲ, ರಾಜ್ಯ. ದೂರು ಕೊಟ್ಟ ತಮ್ಮನೋ ಭಾವನೋ ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿ ಮಾತ್ರ. ಎಫ್‌ಐಆರ್, ಶವ ಮಹಜರು, ಸ್ಥಳ ಮಹಜರು ಮತ್ತು ನಕ್ಷೆ, ಮರಣೋತ್ತರ ಪರೀಕ್ಷೆಯ ವರದಿ, ಮೋಟಾರು ವಾಹನ ನಿರೀಕ್ಷಕರ ವರದಿ, ಕೊನೆಗೆ ದೋಷಾರೋಪ ಪಟ್ಟಿ ಎಲ್ಲವನ್ನೂ ಸಿದ್ಧಪಡಿಸುವುದು ಸರ್ಕಾರದ ಯಂತ್ರ. ವಾದ ಮಂಡಿಸುವವರು ಸಹಾಯಕ ಸರ್ಕಾರಿ ಅಭಿಯೋಜಕರು. ಕುಟುಂಬದವರು ಚಾಲಕನನ್ನು ಕ್ಷಮಿಸಿದರೂ ಈ ಅಪರಾಧ ರಾಜಿಗೆ ಬರುವುದಿಲ್ಲ, ಏಕೆಂದರೆ ಹಾಗೆ ಲಾರಿ ಓಡಿಸಿದವನಿಂದ ಅಪಾಯಕ್ಕೊಳಗಾದದ್ದು ಆ ರಸ್ತೆಯಲ್ಲಿ ಓಡಾಡುವ ಎಲ್ಲರೂ. ನ್ಯಾಯಾಲಯ ಕೇಳುವ ಪ್ರಶ್ನೆಯೂ ಇಷ್ಟೇ: ಈ ಮನುಷ್ಯನ ನಡತೆ ಶಿಕ್ಷೆಗೆ ಅರ್ಹವೇ? ಸಣ್ಣ ಎಚ್ಚರಗೇಡು ಇದಕ್ಕೆ ಸಾಲದು. ವೈದ್ಯರ ನಿರ್ಲಕ್ಷ್ಯವನ್ನು ಕುರಿತ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ನಷ್ಟ ತುಂಬಿಕೊಡಲು ಸಾಕಾಗುವ ನಿರ್ಲಕ್ಷ್ಯ, ಅಪರಾಧಿಯೆನ್ನಲು ಸಾಕಾಗದೆ ಇರಬಹುದು.

ಇನ್ನು ನ್ಯಾಯಮಂಡಳಿಯ ಅರ್ಜಿ. ಅದು ಕಟ್ಟುನಿಟ್ಟಾದ ಅರ್ಥದಲ್ಲಿ ಸಿವಿಲ್ ನ್ಯಾಯಾಲಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯಡಿ ರಚಿತವಾದದ್ದು. ಆದರೆ ಅಲ್ಲಿ ತೀರ್ಮಾನವಾಗುವುದು ಸಿವಿಲ್ ಹಕ್ಕು. ಇಲ್ಲಿ ಅರ್ಜಿದಾರರು ಮೃತರ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ. ಎದುರುದಾರರು ಲಾರಿಯ ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ. ಮಾಲೀಕ ಅಪಘಾತದ ಹೊತ್ತಿಗೆ ನೂರು ಮೈಲಿ ದೂರದ ಮನೆಯಲ್ಲಿದ್ದರೂ ತನ್ನ ಕೆಲಸದವನ ತಪ್ಪಿಗೆ ಹಣದ ಹೊಣೆ ಹೊರುತ್ತಾನೆ; ಆದರೆ ಅದಕ್ಕಾಗಿ ಜೈಲಿಗೆ ಹೋಗುವುದಿಲ್ಲ. ಶಿಕ್ಷೆ ತಪ್ಪು ಮಾಡಿದವನ ಮೈಗೇ ಅಂಟಿಕೊಳ್ಳುತ್ತದೆ, ನಷ್ಟದ ಹೊಣೆ ಇನ್ನೊಬ್ಬರ ಹೆಗಲಿಗೆ ಜಾರಬಹುದು, ವಿಮೆಗೂ ಒಳಪಡಬಹುದು. ನ್ಯಾಯಮಂಡಳಿಯ ಮುಖ್ಯ ಕೆಲಸ ಲೆಕ್ಕ. ಟೈಲರ್ ತಿಂಗಳಿಗೆ 18,000 ರೂಪಾಯಿ ದುಡಿಯುತ್ತಿದ್ದರು ಎಂದುಕೊಳ್ಳಿ. 2017ರ ಪ್ರಣಯ್ ಸೇಥಿ ತೀರ್ಪಿನಂತೆ, 40 ವರ್ಷದೊಳಗಿನ ಸ್ವಯಂ ಉದ್ಯೋಗಿಯ ವರಮಾನಕ್ಕೆ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇ. 40 ಸೇರಿಸಬೇಕು; ಆಗ 25,200 ಆಗುತ್ತದೆ. ಅವಲಂಬಿತರು ನಾಲ್ವರಿರುವುದರಿಂದ ಮೃತರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಪಾಲು ಕಳೆಯಬೇಕು, ಉಳಿಯುವುದು 18,900. ವರ್ಷಕ್ಕೆ 2,26,800. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 31ರಿಂದ 35ರ ವಯಸ್ಸಿಗೆ ಗುಣಕ 16. ಗುಣಿಸಿದರೆ 36,28,800 ರೂಪಾಯಿ. ಅಂತ್ಯಕ್ರಿಯೆ, ಆಸ್ತಿ ನಷ್ಟ, ಸಾಂಗತ್ಯದ ನಷ್ಟ ಎಂಬ ಬಾಬ್ತುಗಳು ಇದಕ್ಕೆ ಸೇರುತ್ತವೆ. ಬೈಕಿನವರದೂ ಕಾಲು ಪಾಲು ತಪ್ಪಿತ್ತು ಎಂದು ಕಂಡುಬಂದರೆ ಅಷ್ಟು ಭಾಗ ಕಡಿತವಾಗುತ್ತದೆ. ಇಂಥ ಪಾಲು ಹಂಚಿಕೆ ಕ್ರಿಮಿನಲ್ ತೀರ್ಪಿನಲ್ಲಿಲ್ಲ. ಅಲ್ಲಿ ಆರೋಪಿ ಮುಕ್ಕಾಲು ಅಪರಾಧಿಯಾಗಲಾರ.

ಸಾಕ್ಷ್ಯದ ತೂಕದ ವಿಷಯಕ್ಕೆ ಬಂದರೆ, ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲೇ. ಎರಡು ಕಡೆಯೂ ಹಾಜರಾಗುವ ಕಾಗದಗಳು ಬಹುಮಟ್ಟಿಗೆ ಒಂದೇ. ಸ್ಥಳ ನಕ್ಷೆಯಲ್ಲಿ ಡಿಕ್ಕಿಯಾದ ಜಾಗ ರಸ್ತೆಯ ಮಧ್ಯಗೆರೆಯಾಚೆ, ಬೈಕಿನವರ ಬದಿಗೆ ಗುರುತಾಗಿದೆ. ಲಾರಿಯ ಬಲಮುಂಭಾಗದ ಬಂಪರ್ ಜಖಂಗೊಂಡಿದೆ. ಬ್ರೇಕಿನಲ್ಲಿ ದೋಷವಿರಲಿಲ್ಲ ಎಂದು ವಾಹನ ನಿರೀಕ್ಷಕರು ಬರೆದಿದ್ದಾರೆ. ಈಗ, ಚಾಲಕನನ್ನು ಕಣ್ಣಾರೆ ಕಂಡಿದ್ದ ಟೀ ಅಂಗಡಿಯವರು ಕಟಕಟೆಯಲ್ಲಿ ನಿಂತು 'ಕತ್ತಲಿತ್ತು, ಯಾರು ಓಡಿಸುತ್ತಿದ್ದರೋ ಗೊತ್ತಿಲ್ಲ' ಎನ್ನುತ್ತಾರೆ. ಮ್ಯಾಜಿಸ್ಟ್ರೇಟರು ಸಂಶಯದ ಲಾಭ ಕೊಟ್ಟು ಚಾಲಕನನ್ನು ಬಿಡುಗಡೆ ಮಾಡುತ್ತಾರೆ, ಮಾಡಲೇಬೇಕು. ಸಕಾರಣ ಸಂಶಯ ಉಳಿದಿರುವಾಗ ಒಬ್ಬನ ಸ್ವಾತಂತ್ರ್ಯ ಕಸಿಯುವುದು ಸರಿಪಡಿಸಲಾಗದ ಅನ್ಯಾಯ. ನ್ಯಾಯಮಂಡಳಿ ಅದೇ ನಕ್ಷೆ, ಅದೇ ಬಂಪರಿನ ಜಖಂ ನೋಡಿ, ಲಾರಿ ತಪ್ಪು ಬದಿಗೆ ಬಂದಿತ್ತು ಎಂಬುದೇ ಹೆಚ್ಚು ಸಂಭವನೀಯ ಎಂದು ತೀರ್ಮಾನಿಸುತ್ತದೆ. ಇಲ್ಲಿ ಪಣಕ್ಕಿರುವುದು ಹಣ. ಅನುಮಾನದ ಲಾಭವನ್ನೆಲ್ಲ ಒಂದೇ ಕಡೆಗೆ ಕೊಟ್ಟರೆ ನಷ್ಟವೆಲ್ಲ ಇನ್ನೊಂದು ಕಡೆಗೆ, ವಿಧವೆಯ ಮಡಿಲಿಗೆ ಬೀಳುತ್ತದೆ. ಅಪಘಾತ ಪರಿಹಾರದಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2009ರ ಬಿಮ್ಲಾ ದೇವಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಒಂದೇ ಘಟನೆಗೆ ಎರಡು ನ್ಯಾಯಪೀಠಗಳು ಬೇರೆ ಬೇರೆ ಮಾತಾಡಿದರೆ ನ್ಯಾಯದ ಮೇಲಿನ ನಂಬಿಕೆ ಕುಸಿಯುವುದಿಲ್ಲವೇ ಎಂಬ ಆಕ್ಷೇಪವಿದೆ. 1980ರ ಎನ್.ಕೆ.ವಿ. ಬ್ರದರ್ಸ್ ಪ್ರಕರಣ ಇದಕ್ಕೆ ಉತ್ತರ. ಕತ್ತಲಾದ ಮೇಲೆ ಬಸ್ಸೊಂದು ರಸ್ತೆಗೆ ಇಳಿಬಿದ್ದಿದ್ದ ಹೈಟೆನ್ಷನ್ ತಂತಿಗೆ ತಗುಲಿತು; ಎಂಟು ಜನ ಸ್ಥಳದಲ್ಲೇ ಸತ್ತರು. ಕ್ರಿಮಿನಲ್ ನ್ಯಾಯಾಲಯ ಇದು ದೈವಾಧೀನ ಘಟನೆಯೆಂದು ಚಾಲಕನನ್ನು ಬಿಡುಗಡೆ ಮಾಡಿತು. ಆದರೆ ಮುಂದೆ ತಂತಿಯಿದೆ ಎಂದು ಪ್ರಯಾಣಿಕರು ಕೂಗಿಕೊಂಡರೂ ಚಾಲಕ ಬಸ್ಸನ್ನು ಅತ್ತಲೇ ನುಗ್ಗಿಸಿದ್ದನ್ನು ನ್ಯಾಯಮಂಡಳಿ ಗಮನಿಸಿ ನಿರ್ಲಕ್ಷ್ಯವೆಂದಿತು. ಬಿಡುಗಡೆಯಾದ ಮೇಲೆ ಪರಿಹಾರ ಹೇಗೆ ಎಂಬ ಮಾಲೀಕರ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಿಡುಗಡೆಯ ತೀರ್ಪು ಹೇಳುವುದು ಅಪರಾಧ ರುಜುವಾತಾಗಲಿಲ್ಲ ಎಂದು; ತಪ್ಪೇ ನಡೆದಿಲ್ಲವೆಂದಲ್ಲ. ಇಷ್ಟು ತಿಳಿದುಕೊಂಡರೆ ಆ ಎರಡು ತೀರ್ಪುಗಳ ನಡುವೆ ವಿರೋಧ ಕಾಣುವುದಿಲ್ಲ.

ಎರಡನೆಯ ಆಕ್ಷೇಪ: ಒಂದೇ ತಪ್ಪಿಗೆ ಎರಡು ಸಲ ದಂಡನೆಯಾಗುತ್ತದೆ. ಸಂವಿಧಾನದ 20(2)ನೇ ವಿಧಿ ತಡೆಯುವುದು ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ಮಾಡಿ ಶಿಕ್ಷಿಸುವುದನ್ನು. ಪರಿಹಾರ ಶಿಕ್ಷೆಯಲ್ಲ; ಕಳೆದುಹೋದ ದುಡಿಮೆಯನ್ನು ಹಣದ ರೂಪದಲ್ಲಿ ಮರಳಿ ಕೊಡಿಸುವ ಪ್ರಯತ್ನ. ಇಮ್ಮಡಿ ವಸೂಲಿಗೂ ಕಾನೂನು ಬಾಗಿಲು ಹಾಕಿದೆ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 395ರಡಿ ಕ್ರಿಮಿನಲ್ ನ್ಯಾಯಾಲಯ ಪರಿಹಾರ ಕೊಡಿಸಿದ್ದರೆ, ಮುಂದಿನ ಸಿವಿಲ್ ದಾವೆಯಲ್ಲಿ ಆ ಮೊತ್ತವನ್ನು ಗಣನೆಗೆ ತೆಗೆದುಕೊಳ್ಳಬೇಕು. ಹಾಗಾದರೆ ಎಲ್ಲವನ್ನೂ ಮ್ಯಾಜಿಸ್ಟ್ರೇಟರ ಕೈಗೇ ಕೊಟ್ಟು ಒಂದೇ ಕಡೆ ಮುಗಿಸಬಾರದೇ ಎಂದು ಕೇಳಬಹುದು. ಹಾಗೆ ಮಾಡಿದರೆ ಶಿಕ್ಷೆಯಾಗದ ಕಡೆ ಮಕ್ಕಳ ಅನ್ನವೂ ಹೋಗುತ್ತದೆ. ಶಿಕ್ಷೆಯಾದ ಕಡೆಯೂ ಪರಿಹಾರ ಒಬ್ಬ ಚಾಲಕನ ಜೇಬಿನಷ್ಟಕ್ಕೇ ನಿಲ್ಲುತ್ತದೆ. ಅದೇ ಡಿಕ್ಕಿಯಲ್ಲಿ ಚಾಲಕನೂ ಸತ್ತಿದ್ದರೆ ಕ್ರಿಮಿನಲ್ ಪ್ರಕರಣ ಅಲ್ಲಿಗೇ ಮುಕ್ತಾಯ. ಮಾಲೀಕ ಮತ್ತು ವಿಮಾ ಕಂಪನಿಯ ಮೇಲಿನ ಹಕ್ಕು ಮಾತ್ರ ಉಳಿಯುತ್ತದೆ. ಬದಲಿಗೆ ಪರಿಹಾರವಷ್ಟೇ ಸಾಕೆಂದರೆ, ವಿಮೆ ಮಾಡಿಸಿದವನಿಗೆ ರಸ್ತೆಯಲ್ಲಿ ಜನರನ್ನು ಅಪಾಯಕ್ಕೊಡ್ಡುವ ಪರವಾನಗಿ ಕೊಟ್ಟಂತಾಗುತ್ತದೆ. ಶ್ರಮ ಎರಡಾಗುವುದನ್ನು ತಗ್ಗಿಸಲು ಬೇರೆ ದಾರಿಯಿದೆ. ಪೊಲೀಸರು ಅಪಘಾತದ ಮಾಹಿತಿ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಅದನ್ನೇ ಪರಿಹಾರದ ಅರ್ಜಿಯಾಗಿ ಪರಿಗಣಿಸಲೂ ಅವಕಾಶವಿದೆ.

ಮೂರನೆಯ ಆಕ್ಷೇಪದಲ್ಲಿ ತಿರುಳಿದೆ. ಎರಡು ದಾರಿಗಳಿವೆಯೆಂದರೆ, ಹಣದ ವ್ಯಾಜ್ಯವಿರುವವರೆಲ್ಲ ಎದುರಾಳಿಯನ್ನು ಹೆದರಿಸಲು ಪೊಲೀಸ್ ಠಾಣೆ ಹತ್ತುತ್ತಾರೆ. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯುವ ಈ ಪ್ರವೃತ್ತಿಯನ್ನು ಸುಪ್ರೀಂ ಕೋರ್ಟ್ 2006ರ ಇಂಡಿಯನ್ ಆಯಿಲ್ ಪ್ರಕರಣದಲ್ಲಿ ಖಂಡಿಸಿದೆ. ಸಾಲ ತೆಗೆದುಕೊಂಡವನು ವ್ಯಾಪಾರ ಕೆಟ್ಟು ತೀರಿಸಲಾಗದಿದ್ದರೆ ಅದು ಸಿವಿಲ್ ಹೊಣೆ ಮಾತ್ರ. ಸಾಲ ಕೇಳುವಾಗಲೇ ಕೊಡಬಾರದೆಂಬ ಮೋಸದ ಉದ್ದೇಶವಿದ್ದರೆ ಅದು ವಂಚನೆಯೂ ಹೌದು. ಒಂದು ಘಟನೆಯಿಂದ ಎರಡು ಪ್ರಕರಣ ಹುಟ್ಟಬೇಕಾದರೆ ಎರಡರ ಅಂಶಗಳೂ ಆ ಘಟನೆಯಲ್ಲೇ ಇರಬೇಕು. ನಮ್ಮ ಅಪಘಾತದಲ್ಲಿ ಅವೆರಡೂ ಇವೆ: ಎಲ್ಲರ ಸುರಕ್ಷತೆಗೆ ಒದಗಿದ ಅಪಾಯ, ಒಂದು ಕುಟುಂಬಕ್ಕಾದ ನಷ್ಟ.

ಈ ವ್ಯತ್ಯಾಸ ತಿಳಿಯದೆ ಹೋದರೆ ಆಗುವ ಹಾನಿ ನಿಜವಾದದ್ದು. ಚಾಲಕ ತಪ್ಪೊಪ್ಪಿಕೊಂಡು ದಂಡ ಕಟ್ಟಿದ ದಿನವೇ ಎಲ್ಲ ಮುಗಿಯಿತೆಂದು ಕೈಚೆಲ್ಲುವವರಿದ್ದಾರೆ. ಕೈಗೆ ಬಂದ ಒಂದಿಷ್ಟು ಹಣಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ತಿರುಚುವವರಿದ್ದಾರೆ. ಅದೇ ಹೇಳಿಕೆಯನ್ನು ಹಿಡಿದು ವಿಮಾ ಕಂಪನಿಯ ವಕೀಲರು ನ್ಯಾಯಮಂಡಳಿಯಲ್ಲಿ ಪಾಟೀಸವಾಲು ಮಾಡುತ್ತಾರೆ. ಕ್ರಿಮಿನಲ್ ತೀರ್ಪು ಬರಲೆಂದು ಕಾಯುತ್ತ ಅವಧಿ ಕಳೆದುಕೊಳ್ಳುವವರೂ ಇದ್ದಾರೆ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಕಾಯ್ದೆಯಲ್ಲಿದೆ. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆ ಎಂಬ ನಂಬಿಕೆಯಲ್ಲಿ ಯಾರೂ ಕಾದು ಕೂರಬಾರದು. ಕಾನೂನು ವಿದ್ಯಾರ್ಥಿಗಳಲ್ಲಿ ನನ್ನ ಮನವಿ ಇಷ್ಟೇ: ನಾಳೆ ನಿಮ್ಮ ಕಚೇರಿಗೆ ಇಂಥದೊಂದು ಕುಟುಂಬ ಬಂದಾಗ, ಎಫ್‌ಐಆರ್ ಮತ್ತು ಮಹಜರಿನ ನಕಲು ತೆಗೆಸಿ ಪರಿಹಾರದ ಅರ್ಜಿಯನ್ನು ಕೂಡಲೇ ಹಾಕಿಸಿ, ಮ್ಯಾಜಿಸ್ಟ್ರೇಟರ ಮುಂದೆ ಕಂಡದ್ದನ್ನು ಕಂಡಂತೆ ಹೇಳಲು ಹೇಳಿ, ಮತ್ತು ಒಂದು ಕಡೆಯ ಸೋಲು ಇನ್ನೊಂದು ಕಡೆಯ ಸೋಲಲ್ಲವೆಂದು ಮೊದಲ ದಿನವೇ ತಿಳಿಸಿ.