ಕಾಣೆಯಾದವರ ಫೋಟೋ: ಯಾರ ಕೈಗೆ, ಹೇಗೆ?



ಮನೆಯವರೊಬ್ಬರು ಕಾಣೆಯಾದರೆ ಇಂದು ನಾವು ಮಾಡುವ ಮೊದಲ ಕೆಲಸ ಮೊಬೈಲಿನಲ್ಲಿರುವ ಫೋಟೋವನ್ನು ಹತ್ತು ಗ್ರೂಪಿಗೆ ಕಳಿಸುವುದು. ಠಾಣೆಗೆ ಹೋಗುವುದು ಸಂಜೆಗೋ, ಮರುದಿನಕ್ಕೋ. ಈ ಕ್ರಮ ತಿರುಗಬೇಕು ಎಂಬುದೇ ನನ್ನ ಮಾತಿನ ಸಾರ. ಏಕೆಂದು ಹೇಳಲು ಮೊದಲು ಒಂದು ವಿಡಿಯೋದ ಕಥೆ ಹೇಳುತ್ತೇನೆ.

ಕರಾಚಿಯಲ್ಲಿ ಕಾಣೆಯಾದ ಮಕ್ಕಳಿಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಪಾಲಕರನ್ನು ಎಚ್ಚರಿಸಲು ಒಂದು ಚಿಕ್ಕ ವಿಡಿಯೋ ಮಾಡಿತ್ತು. ಬೈಕಿನ ಮೇಲೆ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಅವರೇ ಮಗುವನ್ನು ತಂದು ಬಿಟ್ಟು, ಮಗುವನ್ನು ಕದಿಯಲು ಎಷ್ಟು ಕಡಿಮೆ ಹೊತ್ತು ಸಾಕು ಎಂಬ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕು ನಮ್ಮ ದೇಶದಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸುದ್ದಿಯ ಜೊತೆ ಓಡಾಡಿತು. ಅಂಥದೇ ಗಾಳಿಸುದ್ದಿಗಳ ಕಾಲದಲ್ಲಿ, 2018ರ ಜುಲೈ 13ರಂದು, ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನನ್ನು ಜನ ಹೊಡೆದು ಕೊಂದರು. ಅವನ ಗೆಳೆಯರಲ್ಲೊಬ್ಬರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅವರ ಕಾರು ಮುಂದಿನ ಊರು ಮುಟ್ಟುವುದಕ್ಕಿಂತ ಮೊದಲೇ ವಾಟ್ಸಾಪ್ ಸಂದೇಶ ಮುಟ್ಟಿತ್ತು.

ಚಿತ್ರ ತನ್ನ ಮಾತನ್ನು, ಊರನ್ನು, ದಿನಾಂಕವನ್ನು ಕಳೆದುಕೊಂಡಾಗ ಹೀಗಾಗುತ್ತದೆ. ನಾವು ಕಳಿಸುವ ಫೋಟೋದ ಗತಿಯೂ ಅದೇ. ಕೆಳಗೆ ಬರೆದ ನಾಲ್ಕು ಸಾಲು ಮೂರನೆಯ ಗ್ರೂಪಿಗೆ ಹೋಗುವಷ್ಟರಲ್ಲಿ ಉದುರಿಹೋಗಿ, ಬರೀ ಮುಖ ಉಳಿಯುತ್ತದೆ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ನವಲಗುಂದದ ಒಂದು ಮನೆಯ ಅಜ್ಜ, ವಯಸ್ಸು ಎಪ್ಪತ್ತೆರಡು, ಮರೆವಿನ ಕಾಯಿಲೆ. ಬೆಳಗಿನ ನಮಾಜಿಗೆ ಹೋದವರು ಮರಳಿ ಬಂದಿಲ್ಲ. ಬಸ್ ನಿಲ್ದಾಣದಲ್ಲಿ ಯಾರೋ ನೋಡಿದ್ದಾರೆ. ಅಲ್ಲಿಂದ ಹುಬ್ಬಳ್ಳಿ, ನರಗುಂದ, ಸವದತ್ತಿ, ಅಣ್ಣಿಗೇರಿ, ಯಾವ ಕಡೆಗೂ ಬಸ್ಸು ಉಂಟು. ಓಣಿಯನ್ನು ಒಂದು ಸುತ್ತು ಹುಡುಕಿದ ಮೇಲೆ ನೇರವಾಗಿ ಠಾಣೆಗೆ ಹೋಗಬೇಕು. ‘ಇಪ್ಪತ್ನಾಲ್ಕು ತಾಸು ಕಾಯಬೇಕು’ ಎಂಬ ಕಾನೂನು ಎಲ್ಲಿಯೂ ಇಲ್ಲ. 112ಕ್ಕೆ ಕರೆ ಮಾಡಿಯೂ ತಿಳಿಸಬಹುದು. ಮಕ್ಕಳಾದರೆ 1098 ಕೂಡ ಇದೆ. ಮಗು ಕಾಣೆಯಾದ ಪ್ರತಿ ದೂರನ್ನೂ ಎಫ್‌ಐಆರ್ ಆಗಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿದೆ.

ಠಾಣೆ ಏಕೆ ಮೊದಲು? ಹುಬ್ಬಳ್ಳಿ-ಧಾರವಾಡ ನಗರ ಪೊಲೀಸ್ ಕಮಿಷನರ ಕೈಕೆಳಗೆ. ನಮ್ಮ ನವಲಗುಂದ ಜಿಲ್ಲಾ ಎಸ್‌ಪಿಯವರ ಕೈಕೆಳಗೆ. ನರಗುಂದ ಗದಗ ಜಿಲ್ಲೆಗೆ, ಸವದತ್ತಿ ಬೆಳಗಾವಿಗೆ. ಅಜ್ಜ ಒಂದು ತಾಸಿನ ಪ್ರಯಾಣದಲ್ಲಿ ನಾಲ್ಕರಲ್ಲಿ ಯಾವ ಗಡಿಯನ್ನಾದರೂ ದಾಟಬಲ್ಲರು. ಈ ಎಲ್ಲ ಕಡೆಗೂ, ರೈಲ್ವೆ ಪೊಲೀಸರಿಗೂ ವಿವರ ಹೋಗುವುದು ಠಾಣೆಯ ಮೂಲಕ. ಮಾನಸಿಕ ತೊಂದರೆಯಿಂದ ಅಲೆಯುವವರನ್ನು ಕಂಡರೆ ರಕ್ಷಿಸಿ, ಮನೆಯವರನ್ನು ಪತ್ತೆ ಮಾಡುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೊಲೀಸರ ಮೇಲೆ ಇಟ್ಟಿದೆ. ಆದ್ದರಿಂದ ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಲು ಠಾಣೆಯವರನ್ನು ಕೇಳಿಕೊಳ್ಳಿ, ನೀವೂ ಒಬ್ಬರನ್ನು ಕಳಿಸಿ. ಕಾಣೆಯಾದದ್ದು ಬೇರೆ ಊರಿನಲ್ಲಾದರೂ ನಿಮ್ಮ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ತೆಗೆದುಕೊಳ್ಳಲು ಹಿಂದೇಟು ಹಾಕಿದರೆ ಅದೇ ದೂರನ್ನು ಬರಹದಲ್ಲಿ ಎಸ್‌ಪಿಯವರಿಗೆ ಕಳಿಸಿ.

ದೂರಿನಲ್ಲಿ ಹೆಸರಿನ ಬಗ್ಗೆ ಎಚ್ಚರ. ಹಾಜರಿ ಪುಸ್ತಕ ಬರೆಯುವ ನನಗೆ ಇದು ದಿನದ ತಲೆನೋವು. ಮನೆಯಲ್ಲಿ ಬಾಷಾ, ಆಧಾರಿನಲ್ಲಿ ಮೆಹಬೂಬಬಾಷಾ, ರೇಶನ್ ಕಾರ್ಡಿನಲ್ಲಿ ಮಹಬೂಬಸಾಬ. ಮೂರನ್ನೂ ಬರೆಯಿರಿ. ಮರೆವಿನವರು ಯಾವ ಹೆಸರಿಗೆ ಓಗೊಡುತ್ತಾರೋ ಅದನ್ನು ಮೊದಲು ಬರೆಯಿರಿ. ಅಜ್ಜನಿಗೆ ಕನ್ನಡ ಬರುತ್ತದೆಯೋ, ಮನೆಯ ಉರ್ದು ಮಾತ್ರವೋ, ಅದನ್ನೂ ತಿಳಿಸಿ.

ಇನ್ನು ಫೋಟೋ. ಮದುವೆಯಲ್ಲಿ ರುಮಾಲು ಸುತ್ತಿ, ಸ್ಟುಡಿಯೋದವ ಮುಖ ಬೆಳ್ಳಗೆ ಮಾಡಿದ ಚಿತ್ರ ಬೇಡ. ಇತ್ತೀಚಿನ, ಎದುರಿನಿಂದ ತೆಗೆದ ಮುಖದ ಚಿತ್ರ ಒಂದು, ನಿಂತಿರುವ ಪೂರ್ತಿ ಚಿತ್ರ ಒಂದು ಸಾಕು. ಪಕ್ಕದಲ್ಲಿರುವ ಮೊಮ್ಮಕ್ಕಳನ್ನು ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಅವರೇ ಕಾಣೆಯಾದವರೆಂದು ತಿಳಿಯುವವರು ಇದ್ದಾರೆ. ಆ ದಿನ ತೊಟ್ಟ ಅಂಗಿ, ಲುಂಗಿ, ಚಪ್ಪಲಿಯ ಬಣ್ಣ ಬೇರೆಯಾಗಿ ಬರೆಯಿರಿ.

ಠಾಣೆಯವರೊಂದಿಗೆ ಮಾತಾಡಿ ಆ ಮೇಲೆ ಗ್ರೂಪಿಗೆ ಹಾಕಿ. ಕಾಣೆಯಾದ ದಿನಾಂಕ, ಊರು, ಠಾಣೆಯ ಹೆಸರು ಮತ್ತು ದೂರವಾಣಿ, ಪ್ರಕರಣದ ಸಂಖ್ಯೆ, ಇವು ಚಿತ್ರದ ಕೆಳಗಲ್ಲ, ಚಿತ್ರದ ಮೇಲೆಯೇ ಇರಬೇಕು. ಮನೆಯವರದು ಒಂದೇ ನಂಬರು ಸಾಕು. ಅದು ಸಮಾಧಾನದಿಂದ ಮಾತಾಡಬಲ್ಲ ಗಂಡಸಿನದಿರಲಿ. ಹೆಣ್ಣುಮಕ್ಕಳ ನಂಬರು ಹಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳು ಬೇರೆಯೇ. ಮನೆಯ ವಿಳಾಸ, ಆಧಾರ್ ಚಿತ್ರ, ಬಹುಮಾನದ ಮೊತ್ತ ಹಾಕಬೇಡಿ.

ಒಂದು ಗುರುತನ್ನು ಮಾತ್ರ ಯಾರಿಗೂ ಹೇಳದೆ ಠಾಣೆಗಷ್ಟೇ ತಿಳಿಸಿ. ಎಡಗೈ ಕಿರುಬೆರಳು ಸೊಟ್ಟಗಿದೆ ಎಂದಿಟ್ಟುಕೊಳ್ಳಿ. ಎರಡನೆಯ ದಿನ ಕರೆ ಬರುತ್ತದೆ: “ನಿಮ್ಮ ಅಜ್ಜ ಸೊಲ್ಲಾಪುರದಾಗ ಆಸ್ಪತ್ರೆಯೊಳಗ ಅದಾರ್ರಿ, ಐದು ಸಾವಿರ ಹಾಕ್ರಿ.” ಆಗ ಕೇಳಿ: “ಎಡಗೈ ನೋಡಿ ಹೇಳ್ರಿ, ಏನೈತಿ? ಈಗಿನ ಒಂದು ಫೋಟೋ ಕಳಸ್ರಿ.” ನಿಜವಾಗಿ ಅಜ್ಜನ ಪಕ್ಕದಲ್ಲಿರುವವರು ನೋಡಿ ಹೇಳುತ್ತಾರೆ. ಮೋಸಗಾರ ಅವಸರ ಮಾಡುತ್ತಾನೆ, ಸಿಟ್ಟಾಗುತ್ತಾನೆ, ಫೋನಿಡುತ್ತಾನೆ. ಹಣ ಹಾಕದೆ ಆ ನಂಬರನ್ನು ಠಾಣೆಗೆ ಕೊಡಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಹೆಣ್ಣುಮಕ್ಕಳ ವಿಷಯ ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಹದಿನೆಂಟು ತುಂಬಿದ ಹುಡುಗಿ ತಾನಾಗಿಯೇ ಮನೆ ಬಿಟ್ಟಿರಬಹುದು, ಮನೆಯಲ್ಲಿನ ಹೊಡೆತಕ್ಕೆ ಹೆದರಿಯೂ ಹೋಗಿರಬಹುದು. ಆಗ ಅವಳು ಎಲ್ಲಿದ್ದಾಳೆಂದು ಎಲ್ಲರಿಗೂ ಹೇಳಿಸುವ ಫೋಟೋ ಅವಳಿಗೇ ಕಂಟಕ. ಪೊಲೀಸರು ಅವಳ ಹೇಳಿಕೆ ಪಡೆದು, ಅವಳಿಗೆ ಇಷ್ಟವಿಲ್ಲದಿದ್ದರೆ ವಿಳಾಸ ಹೇಳದೆ, ಕ್ಷೇಮವಾಗಿದ್ದಾಳೆ ಎಂದಷ್ಟೇ ತಿಳಿಸಬಹುದು. ಯಾವನೋ ಹುಡುಗನ ಚಿತ್ರ ಸೇರಿಸಿ ‘ಇವನೇ ಕರೆದುಕೊಂಡು ಹೋದವನು’ ಎಂದು ಬರೆಯುವುದಂತೂ ಮುರ್ಕಿಯ ದಾರಿ. ಸಂಶಯವಿದ್ದರೆ ಹೆಸರು, ನಂಬರು ದೂರಿನಲ್ಲಿ ಬರೆಯಿರಿ, ಗ್ರೂಪಿನಲ್ಲಲ್ಲ. ಸಿಕ್ಕ ಮಗು ಅಪರಾಧಕ್ಕೆ ತುತ್ತಾಗಿದ್ದರೆ ಅದರ ಗುರುತು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆ, ಪೋಕ್ಸೋ ಕಾಯ್ದೆ ಎರಡೂ ತಡೆಯುತ್ತವೆ. ನಿನ್ನೆ ನಾವೇ ಹಂಚಿದ ಫೋಟೋ ಇಂದು ಹಂಚಬಾರದ್ದಾಗುತ್ತದೆ.

ಅಜ್ಜ ಮೂರನೆಯ ದಿನ ಸಿಕ್ಕರೆನ್ನಿ. ಸಂತೋಷದಲ್ಲಿ ಎಲ್ಲರೂ ಮರೆಯುವ ಕೆಲಸ ಇದು: ವಾಟ್ಸಾಪಿನಲ್ಲಿ ಎಲ್ಲರಿಂದ ಅಳಿಸುವ ಅವಕಾಶ ಸುಮಾರು ಎರಡೂವರೆ ದಿನಗಳಷ್ಟೇ, ಅದೂ ನೀವು ಕಳಿಸಿದ್ದಕ್ಕೆ ಮಾತ್ರ; ಬೇರೆಯವರು ಮುಂದೆ ಕಳಿಸಿದ್ದು ಅಳಿಯುವುದಿಲ್ಲ. ಆದ್ದರಿಂದ ಅದೇ ಚಿತ್ರದ ಮುಖ ಮುಚ್ಚುವಂತೆ ‘ಸಿಕ್ಕಿದ್ದಾರೆ’ ಎಂದು ದಪ್ಪಕ್ಷರದಲ್ಲಿ, ದಿನಾಂಕದೊಡನೆ ಬರೆದು, ಮೊದಲು ಕಳಿಸಿದ ಎಲ್ಲ ಗ್ರೂಪಿಗೂ ಕಳಿಸಿ. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದನ್ನು ಕಿತ್ತು ತನ್ನಿ. ಅಜ್ಜನನ್ನು ಕರೆದುಕೊಂಡು ಠಾಣೆಗೆ ಹೋಗಿ ಹೇಳಿಕೆ ಬರೆಸಿ. ಅದಾಗುವವರೆಗೆ ಪ್ರಕರಣ ಮುಗಿಯುವುದಿಲ್ಲ. ನಾಳೆ ನರಗುಂದದ ಸಂತೆಯಲ್ಲಿ ಪೊಲೀಸರು ಅವರನ್ನು ತಡೆದು, ಮತ್ತೆ ನಿಮಗೆ ಫೋನು ಮಾಡುತ್ತಾರೆ.