ಯಾವ ಕಾಗದ, ಯಾರಿಗೆ, ಯಾವಾಗ?



ನಮ್ಮ ಕಡೆ ಯಾವ ಕಾಗದ ಕೊಟ್ಟರೂ "ಪಿಟಿಷನ್ ಕೊಟ್ಟು ಬಂದೀವಿ" ಅಂತೀವಿ. ತಹಸೀಲ್ದಾರ್ ಆಫೀಸಿಗೆ ಕೊಟ್ಟದ್ದೂ ಪಿಟಿಷನ್ನೇ, ಠಾಣೆಗೆ ಕೊಟ್ಟದ್ದೂ ಪಿಟಿಷನ್ನೇ. ಆದರೆ ಮನವಿ, ದೂರು, ನೋಟಿಸು, ಅರ್ಜಿ ಈ ನಾಲ್ಕೂ ಬೇರೆ ಬೇರೆ. 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಹಿಂಗಾಗಿ ನಾವು ಮನೆಯಲ್ಲಿ ಕನ್ನಡ ಮಾತಾಡಿ ಆಫೀಸಿಗೆ ತೆಲುಗಿನಲ್ಲಿ ಬರೆಸ್ತೀವಿ. ಬರೆಯುವವರಿಗೆ ಹೇಳುವಾಗ ಮನವಿಗೆ 'ವಿನತಿಪತ್ರಂ', ದೂರಿಗೆ 'ಫಿರ್ಯಾದು' ಅಂತ ಬಿಡಿಸಿ ಹೇಳಿರಿ.

ಒಂದು ಊರು ಅಂತ ಇಟ್ಟುಕೊಳ್ಳೋಣ. ನಮ್ಮವರ ಸ್ಮಶಾನ ಒಂದು ಸರ್ವೆ ನಂಬರಿನಲ್ಲಿದೆ. ಅದರ ಹದ್ದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ, ಪಕ್ಕದ ಹೊಲ ವರ್ಷ ವರ್ಷ ಒಳಗೆ ಬರ್ತಾ ಇದೆ. ಇಲ್ಲಿ ನಮಗೆ ಬೇಕಾದದ್ದು ಅಳತೆ. ಅದನ್ನು ಮಾಡಿಸುವ ಅಧಿಕಾರ ತಹಸೀಲ್ದಾರರಿಗೆ ಇದೆ. ಅಧಿಕಾರಿಯ ಕೈಯಲ್ಲಿರುವ ಕೆಲಸ ಕೇಳುವ ಕಾಗದವೇ ಮನವಿ. ಅದರಲ್ಲಿ ಕೇಳಿಕೆ ಒಂದೇ ಇರಲಿ: "ಈ ಸರ್ವೆ ನಂಬರನ್ನು ಅಳೆದು ಹದ್ದುಕಲ್ಲು ಹಾಕಿಸಿರಿ." ಅದೇ ಕಾಗದದಲ್ಲಿ ರೋಡು, ನೀರು, ಪಿಂಚಣಿ ಎಲ್ಲ ಸೇರಿಸಿದರೆ ಅದು ಯಾವ ಟೇಬಲ್ಲಿಗೂ ಸೇರದು. ಅಲ್ಲಿ ಕೆಲಸ ಆಗದಿದ್ದರೆ ಸೋಮವಾರದ ಪ್ರಜಾವಾಣಿಗೆ ಹೋಗಿರಿ. ಜಹೀರಾಬಾದ್, ನಾರಾಯಣಖೇಡದವರಿಗೆ ಸಂಗಾರೆಡ್ಡಿ ಕಲೆಕ್ಟರೇಟು, ತಾಂಡೂರಿನವರಿಗೆ ವಿಕಾರಾಬಾದ್. ರಸೀದಿ ಇಲ್ಲದೆ, ಇಲ್ಲವೆ ನಮ್ಮ ಪ್ರತಿಯ ಮೇಲೆ ತಾರೀಖು, ಸೀಲು ಇಲ್ಲದೆ ಹಿಂದಿರುಗಬಾರದು.

ಈಗ ಅದೇ ಊರಿನಲ್ಲಿ ಒಂದು ಹೆಣ ಹೊತ್ತು ಹೋಗುವಾಗ ದಾರಿಗೆ ಮುಳ್ಳು ಹಾಕಿ, ಜಾತಿ ಹಿಡಿದು ಬೈದು ತಡೆದರು ಅನ್ನಿ. ಇದು ಅಳತೆಯ ಮಾತಲ್ಲ, ಅಪರಾಧ. 1989ರ ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸ್ಮಶಾನ, ದಾರಿ, ನೀರು ಬಳಸದಂತೆ ತಡೆಯುವುದು ಶಿಕ್ಷೆಯ ಕೆಲಸ. ಇಲ್ಲಿ ಮನವಿ ಬರೆದು "ದಯವಿಟ್ಟು ವಿಚಾರಿಸಿರಿ" ಅಂದರೆ, ಠಾಣೆಯಲ್ಲಿ ಎರಡೂ ಕಡೆಯವರನ್ನು ಕರೆದು ರಾಜಿ ಮಾಡಿಸಿ ಕಾಗದವನ್ನು ಪಕ್ಕಕ್ಕೆ ಇಡಬಹುದು. ದೂರೇ ಬರೆಯಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗ, ಯಾರು, ಅಂದ ಮಾತು ಏನು, ಕೇಳಿದವರು ಯಾರು, ನಮ್ಮ ಜಾತಿ ಏನು, ಗೊತ್ತಿದ್ದರೆ ಅವರದು ಏನು. ನಡೆದದ್ದಷ್ಟೇ ಬರೆಯಿರಿ, ಒಂದು ಸಾಲು ಸೇರಿಸಿದರೂ ಕೋರ್ಟಿನಲ್ಲಿ ಅದೇ ಸಾಲು ನಮ್ಮ ಸಾಕ್ಷಿಯನ್ನು ಕೆಡಿಸ್ತದೆ. ಕೊನೆಗೆ "ಎಫ್‌ಐಆರ್ ದಾಖಲಿಸಿರಿ" ಅಂತ ಇರಲಿ.

ಬರೆಯಲು ಬಾರದವರು ಬಾಯಿಂದ ಹೇಳಬಹುದು. ಪೊಲೀಸರು ಅದನ್ನು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಇಲ್ಲವೆ ಹೆಬ್ಬೆಟ್ಟು ತೊಗೋಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. "ಮೊದಲು ಎನ್‌ಕ್ವೈರಿ, ಆಮೇಲೆ ಎಫ್‌ಐಆರ್" ಅಂದರೆ 18ಎ ಕಲಂ ನೆನಪಿಸಿರಿ. 2018ರಲ್ಲಿ ಸೇರಿದ ಈ ಕಲಂ ಪ್ರಕಾರ ಈ ಕಾಯ್ದೆಯ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಆದರೂ ತೊಗೊಳ್ಳದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿರಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವ ಹಕ್ಕು ಇದೆ.

ಇನ್ನು ನೋಟಿಸು. ಇದು ಕೇಳಿಕೆಯಲ್ಲ, ಮುನ್ಸೂಚನೆ. "ಇಷ್ಟು ದಿನದೊಳಗೆ ಇದನ್ನು ಮಾಡದಿದ್ದರೆ ಕೋರ್ಟಿಗೆ ಹೋಗ್ತೀವಿ" ಅಂತ ಹೇಳುವುದು. ಸ್ಮಶಾನದ ಜಾಗದ ಬಗ್ಗೆ ಸರ್ಕಾರದ ಮೇಲೆ ಸಿವಿಲ್ ದಾವೆ ಹಾಕಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳು ಮೊದಲೇ ನೋಟಿಸು ಕೊಡಬೇಕು. ತೀರ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆ ಹೋಗಬಹುದು. ಹೊಡೆತ, ಬೈಗುಳ, ಅಡ್ಡಿ ನಡೆದಾಗ ನೋಟಿಸು ಕೊಟ್ಟು ಕಾಯುತ್ತ ಕೂರಬೇಡಿರಿ. ದೂರಿಗೆ ಯಾವ ನೋಟಿಸೂ ಬೇಕಿಲ್ಲ.

ಕೊನೆಯದು ಅರ್ಜಿ, ಕೋರ್ಟಿನ ಭಾಷೆಯ ನಿಜವಾದ ಪಿಟಿಷನ್. ತಹಸೀಲ್ದಾರರೂ ಕಲೆಕ್ಟರೂ ಅಳತೆ ಮಾಡಿಸದೆ ಸುಮ್ಮನಿದ್ದರೆ ಹೈದರಾಬಾದಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಅಲ್ಲಿ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ: "ನೀವು ಅಧಿಕಾರಿಯನ್ನು ಕೇಳಿದಿರಾ? ಯಾವಾಗ?" ಆಗ ಪ್ರಜಾವಾಣಿಯ ಆ ರಸೀದಿಯೇ ಉತ್ತರ. ರಸೀದಿ ಇಲ್ಲದವರನ್ನು "ಹೋಗಿ ಮೊದಲು ಮನವಿ ಕೊಡಿ" ಅಂತ ವಾಪಸ್ ಕಳಿಸಬಹುದು. ವಕೀಲರ ಫೀಜಿಗೆ ಹೆದರಬೇಡಿರಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಎಸ್‌ಸಿ, ಎಸ್‌ಟಿಯವರಿಗೆ ಆದಾಯದ ಮಿತಿಯಿಲ್ಲದೆ ಪುಕ್ಕಟೆ ವಕೀಲರು ಸಿಗ್ತಾರೆ.

ಹಂಗಾದರೆ ಕಾಗದ ಬರೆಯುವ ಮುಂಚೆ ಒಂದೇ ಮಾತು ಕೇಳಿಕೊಳ್ಳಿರಿ: ನಮಗೆ ಏನು ಬೇಕು? ಅಧಿಕಾರಿಯಿಂದ ಕೆಲಸ ಬೇಕಾದರೆ ಮನವಿ. ತಪ್ಪು ಮಾಡಿದವನ ಮೇಲೆ ಕೇಸು ಬೇಕಾದರೆ ದೂರು. ಸರ್ಕಾರದ ಮೇಲೆ ದಾವೆ ಹೂಡುವ ಮುಂಚೆ ನೋಟಿಸು. ಕೋರ್ಟಿನ ಆದೇಶ ಬೇಕಾದರೆ ಅರ್ಜಿ. ನಮ್ಮ ಸ್ಮಶಾನದ ಸಂಗತಿಯಲ್ಲಿ ಅಳತೆಗೆ ಮನವಿ, ಮುಳ್ಳು ಹಾಕಿದ್ದಕ್ಕೆ ದೂರು, ಎರಡೂ ಒಂದೇ ದಿನ ಕೊಡಬಹುದು, ಆದರೆ ಎರಡು ಬೇರೆ ಹಾಳೆಗಳಲ್ಲಿ.

ಜೈ ಭೀಮ್.