ವಿದೇಶಿ ಉದ್ಯೋಗದ ಅರ್ಜಿಗೆ ಅನುಭವ ವಿವರಣೆ: ಪಂಚಾಯಿತಿ ದೃಢೀಕರಣದ ಮಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕುಶಲ ಕೆಲಸಗಾರರಾಗಿ ಹೊರದೇಶಕ್ಕೆ ಹೋಗಬಯಸುವವರು ಅರ್ಜಿಯೊಡನೆ ತಮ್ಮ ವೃತ್ತಿಯ ಹಿನ್ನೆಲೆಯನ್ನು ಒಂದು ಪುಟದಲ್ಲಿ ಬರೆದು ಸಲ್ಲಿಸುವುದುಂಟು. ಅದಕ್ಕೆ ಆಧಾರವಾಗಿ ಅವರು ಪಂಚಾಯಿತಿಯಿಂದ ದೃಢೀಕರಣ ಕೇಳುತ್ತಾರೆ. ನಾವು ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದನ್ನು ನಮ್ಮ ಕಚೇರಿಗೆ ಬಂದ ಒಂದು ಪ್ರಸಂಗದ ಮೂಲಕ ವಿವರಿಸುತ್ತೇನೆ.

ಹಿರಿಯೂರು ತಾಲ್ಲೂಕಿನ ಯುವಕನೊಬ್ಬ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಮುಗಿಸಿ, ಚಿತ್ರದುರ್ಗದ ಸುತ್ತಲಿನ ಗುಡ್ಡಗಳ ಗಾಳಿಯಂತ್ರಗಳ ನಿರ್ವಹಣೆಯಲ್ಲಿ ದುಡಿದನು. ನಂತರ ಊರಿಗೆ ಮರಳಿ, ಕೊಳವೆಬಾವಿ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ತೆರೆದನು. ಕೆನಡಾಕ್ಕೆ ಅರ್ಜಿ ಹಾಕಲು ಆತ ಬರೆದ ಮೊದಲ ಕರಡಿನಲ್ಲಿ “ಗಾಳಿಯಂತ್ರ ಕ್ಷೇತ್ರದಲ್ಲಿ ಮೂರು ವರ್ಷಗಳ ಅಪಾರ ಅನುಭವ, ಬಳಿಕ 2019ರಿಂದ ಸ್ವಂತ ಉದ್ಯಮ” ಎಂದಿತ್ತು.

ಇದರಲ್ಲಿ ಎರಡು ದೋಷಗಳಿದ್ದವು. ಗುತ್ತಿಗೆದಾರರು ಕೊಟ್ಟ ಅನುಭವ ಪತ್ರದ ಪ್ರಕಾರ ಆತನ ಸೇವೆ 2016ರ ಸೆಪ್ಟೆಂಬರ್ 5ರಿಂದ 2019ರ ಮೇ 31ರವರೆಗೆ. ಅದು ಎರಡು ವರ್ಷ ಒಂಬತ್ತು ತಿಂಗಳಿಗೂ ನಾಲ್ಕಾರು ದಿನ ಕಡಿಮೆ. ಎರಡನೆಯದಾಗಿ, ಅಂಗಡಿಯನ್ನು 2019ರ ಜೂನ್‌ನಲ್ಲಿ ಮನೆಯ ಜಗುಲಿಯಲ್ಲಿ ಆರಂಭಿಸಿದ್ದರೂ, ಪಂಚಾಯಿತಿಯಿಂದ ಪರವಾನಗಿ ಪಡೆದದ್ದು 2021ರ ಫೆಬ್ರುವರಿಯಲ್ಲಿ. ಆತನ ಪರವಾಗಿ ಬಂದ ಸದಸ್ಯರೊಬ್ಬರು, “ನಮ್ಮ ಹುಡುಗ ಸ್ವಾಮಿ, ಪರವಾನಗಿಯನ್ನು 2019ರಿಂದಲೇ ಇದ್ದಂತೆ ಬರೆದುಕೊಡಿ” ಎಂದು ಕೇಳಿದರು.

ನಾನು ಒಪ್ಪಲಿಲ್ಲ. ಕೆನಡಾದ ವಲಸೆ ಕಾನೂನಿನಲ್ಲಿ ಸುಳ್ಳು ಮಾಹಿತಿ ಸಾಬೀತಾದರೆ ಅರ್ಜಿ ತಿರಸ್ಕೃತವಾಗುವುದಲ್ಲದೆ, ಐದು ವರ್ಷ ಆ ದೇಶದ ಪ್ರವೇಶವೇ ನಿಷಿದ್ಧವಾಗುತ್ತದೆ. ನಮ್ಮ ವಹಿಯಲ್ಲಿ 2021 ಎಂದಿದ್ದು ಪತ್ರದಲ್ಲಿ 2019 ಎಂದಿದ್ದರೆ, ಪರಿಶೀಲನೆಯ ಒಂದು ವಿಚಾರಣೆಯಲ್ಲೇ ಅದು ಹೊರಬೀಳುತ್ತದೆ. ಉಪಕಾರವೆಂದು ಮಾಡಿದ್ದು ಆ ಯುವಕನ ಐದು ವರ್ಷಗಳನ್ನು ನುಂಗುತ್ತಿತ್ತು.

ಹಾಗೆಂದು ಪರವಾನಗಿ ಇಲ್ಲದ ಆ ಇಪ್ಪತ್ತು ತಿಂಗಳ ದುಡಿಮೆ ಸುಳ್ಳಲ್ಲ. ಅದಕ್ಕೆ ಬೇರೆ ಸಾಕ್ಷ್ಯ ಬೇಕು, ಅಷ್ಟೆ. ಸ್ವಯಂ ಉದ್ಯೋಗಿಯು ತನ್ನ ಕೆಲಸವನ್ನು ತಾನೇ ಘೋಷಿಸಿಕೊಂಡರೆ ಕೆನಡಾದವರು ಒಪ್ಪುವುದಿಲ್ಲ. ಆದಾಯದ ದಾಖಲೆಯನ್ನೂ, ಸೇವೆ ಪಡೆದವರು ಹಣ ಪಾವತಿಯ ವಿವರದೊಡನೆ ಕೊಟ್ಟ ಪತ್ರಗಳನ್ನೂ ಕೇಳುತ್ತಾರೆ. ಆತ ತಾಮ್ರದ ತಂತಿ ಖರೀದಿಸಿದ ಬಿಲ್ಲುಗಳನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಹುಡುಕಿ ತೆಗೆದನು. ಮೋಟಾರು ದುರಸ್ತಿ ಮಾಡಿಸಿಕೊಂಡ ರೈತರು ದಿನಾಂಕ ಮತ್ತು ಕೊಟ್ಟ ಮೊತ್ತವನ್ನು ನಮೂದಿಸಿ ಪತ್ರ ಬರೆದುಕೊಟ್ಟರು. ಗುತ್ತಿಗೆದಾರರಿಂದಲೂ ಹುದ್ದೆ, ಕರ್ತವ್ಯಗಳು, ವಾರದ ಕೆಲಸದ ಗಂಟೆಗಳು ಮತ್ತು ಸಂಬಳವನ್ನು ತಿಳಿಸುವ ಹೊಸ ಪತ್ರ ಪಡೆದನು. ಹಳೆಯದರಲ್ಲಿ “ನಡತೆ ಉತ್ತಮ” ಎಂಬುದರ ಹೊರತು ಹೆಚ್ಚೇನೂ ಇರಲಿಲ್ಲ. ವಾರಕ್ಕೆ ಕನಿಷ್ಠ 30 ಗಂಟೆ ದುಡಿದರೆ ಮಾತ್ರ ಅಲ್ಲಿ ಪೂರ್ಣಾವಧಿ ಎಂದು ಗಣಿಸುವುದರಿಂದ ಗಂಟೆಗಳ ಉಲ್ಲೇಖ ಅಗತ್ಯ.

ಆತನ ಅಂತಿಮ ವಿವರಣೆಯ ಮುಖ್ಯ ಭಾಗ ಹೀಗಿತ್ತು:

“2016ರ ಸೆಪ್ಟೆಂಬರ್ 5ರಿಂದ 2019ರ ಮೇ 31ರವರೆಗೆ ಗಾಳಿಯಂತ್ರ ನಿರ್ವಹಣಾ ಗುತ್ತಿಗೆದಾರರಲ್ಲಿ ಎಲೆಕ್ಟ್ರಿಷಿಯನ್ ಆಗಿ, ವಾರಕ್ಕೆ 48 ಗಂಟೆ ಕೆಲಸ ಮಾಡಿದೆನು. ನಿಯಂತ್ರಣ ಫಲಕಗಳ ತಪಾಸಣೆ ಮತ್ತು ಕೇಬಲ್ ಜೋಡಣೆ ನನ್ನ ಕರ್ತವ್ಯವಾಗಿತ್ತು. 2019ರ ಜೂನ್‌ನಿಂದ ಮನೆಯಲ್ಲಿ ಮೋಟಾರು ವೈಂಡಿಂಗ್ ಮಾಡುತ್ತಿದ್ದೇನೆ. 2020ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಲಾಕ್‌ಡೌನ್ ನಿಮಿತ್ತ ಕೆಲಸವಿರಲಿಲ್ಲ. 2021ರ ಫೆಬ್ರುವರಿಯಲ್ಲಿ ಗ್ರಾಮ ಪಂಚಾಯಿತಿಯ ಪರವಾನಗಿ ಪಡೆದಿದ್ದೇನೆ.”

ಇದರಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಪ್ರತಿ ವಾಕ್ಯಕ್ಕೂ ಲಗತ್ತಿಸಿದ ಒಂದು ಕಾಗದವಿದೆ. ಬಿಡುವಿನ ತಿಂಗಳುಗಳನ್ನು ಮುಚ್ಚಿಡದೆ ಹೇಳಿದ್ದರಿಂದ ಅವುಗಳ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ.

ಪಂಚಾಯಿತಿ ಕೊಟ್ಟದ್ದು ಒಂದೇ ಪತ್ರ. ಪರವಾನಗಿಯ ಸಂಖ್ಯೆ, ನೀಡಿದ ದಿನಾಂಕ, ನವೀಕರಣದ ವರ್ಷಗಳು, ಜಾವಕ ಸಂಖ್ಯೆ, ಸಹಿ ಮತ್ತು ಮೊಹರು ಅದರಲ್ಲಿದ್ದವು. ಅರ್ಜಿದಾರನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆದೆವು. ನಮ್ಮ ವಹಿಗಳಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು ಇರುವುದು ಸಾಮಾನ್ಯವಾದ್ದರಿಂದ, ಇಬ್ಬರೂ ಒಬ್ಬರೇ ಎಂಬುದನ್ನೂ ಸೇರಿಸಿದೆವು. ಆತನ ಕೌಶಲದ ಬಗ್ಗೆ ಏನನ್ನೂ ಬರೆಯಲಿಲ್ಲ, ಏಕೆಂದರೆ ಅದನ್ನು ಅಳೆಯುವ ಅಧಿಕಾರ ನಮಗಿಲ್ಲ. ಕನ್ನಡದ ಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿ, ಅನುವಾದಕರ ಪ್ರಮಾಣಪತ್ರದೊಡನೆ ಲಗತ್ತಿಸಬೇಕು. ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಯಾರಾದರೂ ದೃಢೀಕರಣ ಕೇಳಿ ಬಂದಾಗ ಮೊದಲು ವಹಿ ತೆರೆಸಿ ನೋಡಿರಿ. ವಹಿಯಲ್ಲಿ ಇರುವುದನ್ನು ತಡಮಾಡದೆ ಕೊಡಿಸಿರಿ. ಇಲ್ಲದ್ದಕ್ಕೆ ರೈತರ ಪತ್ರ, ಬಿಲ್ಲು, ಪಾಸ್‌ಬುಕ್ ಎಂಬ ದಾರಿಯನ್ನು ತೋರಿಸಿರಿ. ಹಾಗೆಯೇ ನಿಮ್ಮ ವಾರ್ಡಿನಲ್ಲಿ ಇಂದು ಜಗುಲಿಯ ಮೇಲೆ ಅಂಗಡಿ ಇಟ್ಟವರಿಗೆ ಇಂದೇ ಪರವಾನಗಿ ಮಾಡಿಸಿರಿ. ಮುಂದೊಂದು ದಿನ ಅವರ ಅನುಭವದ ಲೆಕ್ಕಕ್ಕೆ ಮೊದಲ ಸಾಕ್ಷಿಯಾಗುವುದು ಆ ದಿನಾಂಕವೇ.